ನಮ್ಮ ಲೆಕ್ಕದ ಮೇಷ್ಟ್ರಿಗೆ

ಸ್ಲೈಡ್ 1
ಮೇ 31ಕ್ಕೆ ನಮ್ಮ ಲೆಕ್ಕದ ಮೇಷ್ಟ್ರು ನಿವೃತ್ತರಾಗುತ್ತಿದ್ದಾರೆ. ಸಾಗರ ತಾಲ್ಲೂಕಿನ ನಮ್ಮ ಸರ್ಕಾರಿ ಪ್ರೌಢಶಾಲೆಗೆ 1998ರಲ್ಲಿ ಬಂದವರು, ಮತ್ತೆ ಬೇರೆಲ್ಲೂ ಹೋಗಲಿಲ್ಲ. ಹಳೇ ಬ್ಯಾಚ್‌ಗಳ ಗ್ರೂಪಲ್ಲಿ "ಒಂದು ನೆನಪು ಬರೆದು ಕಳಿಸಿ" ಅಂದಿದ್ದೆವು. ರಾಶಿ ಬಂತು. ಕೆಲವು ಇಲ್ಲಿವೆ, ಸರಿಸುತ್ತಾ ಹೋಗಿ.

ಸ್ಲೈಡ್ 2 | 2001ರ ಬ್ಯಾಚ್
ಸಮರೂಪ ತ್ರಿಭುಜದ ಪಾಠಕ್ಕೆ ಇಡೀ ಕ್ಲಾಸನ್ನು ಗದ್ದೆ ಬದುವಿಗೆ ಕರೆದುಕೊಂಡು ಹೋದರು. ಒಂದು ಕೋಲು ನೆಟ್ಟು ಅದರ ನೆರಳು ಅಳೆದೆವು, ಆಮೇಲೆ ಅಲ್ಲಿದ್ದ ಒಂಟಿ ಅಡಿಕೆ ಮರದ ನೆರಳು. ನನ್ನಪ್ಪ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ. ಮರ ಹತ್ತದೇ ಎತ್ತರ ಹೇಳಬಹುದು ಅಂದರೆ ನಂಬಲೇ ಇಲ್ಲ. ಮರುದಿನ ಹತ್ತಿ, ಹಗ್ಗ ಇಳಿಬಿಟ್ಟು ಅಳೆದರು. ಮುಕ್ಕಾಲು ಅಡಿ ಅಷ್ಟೇ ವ್ಯತ್ಯಾಸ! "ನಿನ್ನ ಮೇಷ್ಟ್ರು ಅಡ್ಡಿಲ್ಲ ಕಣೋ" ಅಂದರು. ಅಪ್ಪ ಯಾರನ್ನೂ ಹೊಗಳಿದವರಲ್ಲ.

ಸ್ಲೈಡ್ 3 | 2005ರ ಬ್ಯಾಚ್
ಜುಲೈ ಮಳೆ. ಹೆಂಚಿನ ಸದ್ದಿಗೆ ಒಂದಕ್ಷರ ಕೇಳುತ್ತಿರಲಿಲ್ಲ. ಪೂರ್ತಿ ಪೀರಿಯಡ್ ಬೋರ್ಡ್ ಮೇಲೇ ಮಾತಾಡಿದರು. ಬೈದಿದ್ದೂ ಬರೆದೇ.

ಸ್ಲೈಡ್ 4 | 2007ರ ಬ್ಯಾಚ್
ಪರೀಕ್ಷೆ ಹತ್ತಿರ ಬಂದಾಗ ಬೆಳಗ್ಗೆ ಐದಕ್ಕೆ ಮನೆ ಫೋನ್ ಬಡಿದುಕೊಂಡರೆ ಅಮ್ಮ ಎತ್ತುತ್ತಲೂ ಇರಲಿಲ್ಲ. "ಏಳೇ, ನಿನ್ನ ಮೇಷ್ಟ್ರು" ಅಷ್ಟೇ.

ಸ್ಲೈಡ್ 5 | 2016ರ ಬ್ಯಾಚ್
ನಾನು ಲೆಕ್ಕದಲ್ಲಿ ಪಾಸಾಗುತ್ತೇನೆ ಅಂತ ಮನೆಯಲ್ಲಿ ಯಾರಿಗೂ ಆಸೆ ಇರಲಿಲ್ಲ, ನನಗಂತೂ ಇರಲೇ ಇಲ್ಲ. ಮೇಷ್ಟ್ರು ಸಂಜೆ ಉಳಿಸಿಕೊಂಡು ಗ್ರಾಫ್, ರಚನೆ, ಪೈಥಾಗೊರಸ್ ಪ್ರಮೇಯ, ಇಷ್ಟನ್ನೇ ತಿರುಗಿ ತಿರುಗಿ ಮಾಡಿಸಿದರು. "ಉತ್ತರ ತಪ್ಪಾದರೆ ಆಗಲಿ ಮಾರಾಯ, ಹಂತ ಬಿಡಬೇಡ. ಹಂತಕ್ಕೂ ಮಾರ್ಕ್ಸ್ ಇದೆ." 41 ಬಂತು ಸರ್! ಈಗ ಬಡಗಿ ಕೆಲಸ ಮಾಡುತ್ತೇನೆ. ಗೆರೆ ಹಾಕದೇ ಗರಗಸ ಇಡುವುದಿಲ್ಲ.

ಸ್ಲೈಡ್ 6 | 2021ರ ಬ್ಯಾಚ್
ಕೊರೊನಾ ವರ್ಷ. ನೆಟ್‌ವರ್ಕ್ ಇಲ್ಲದ ನಮ್ಮ ಕೇರಿಗೆ ವಿದ್ಯಾಗಮ ಅಂತ ಬೈಕಲ್ಲಿ ಬಂದು, ದೇವಸ್ಥಾನದ ಜಗಲಿಯಲ್ಲಿ ದೂರ ದೂರ ಕೂರಿಸಿ ಪಾಠ ಮಾಡಿದರು. ಕೊನೆಗೆ ನೋಡಿದರೆ ಎಸ್ಸೆಸ್ಸೆಲ್ಸಿ ಎರಡೇ ದಿನ. ಲೆಕ್ಕ, ವಿಜ್ಞಾನ, ಸಮಾಜ ಮೂರೂ ಒಂದೇ ದಿನ, ಓಎಂಆರ್ ಶೀಟಲ್ಲಿ ಗುಂಡಿ ತುಂಬಿದರೆ ಮುಗೀತು. ಹಂತ ಬರೆಯುವ ಹಾಗೇ ಇಲ್ಲ! ನಮಗೆ ಖುಷಿ, ಮೇಷ್ಟ್ರಿಗೆ ಮಾತ್ರ ಸಿಕ್ಕಾಪಟ್ಟೆ ಬೇಜಾರು.

ಸ್ಲೈಡ್ 7
ಮೇಷ್ಟ್ರೇ, ಇದನ್ನು ಓದಿ ನೀವು "ಇದೆಲ್ಲ ಯಾಕ್ರೋ ಸುಮ್ನೆ" ಅಂತೀರಿ, ಗೊತ್ತು. ಆದರೂ ಹೇಳಲೇಬೇಕಿತ್ತು. ತಪ್ಪು ಉತ್ತರ ಬರೆದ ಹುಡುಗರನ್ನೂ ಪಕ್ಕ ಕೂರಿಸಿಕೊಂಡು "ಎಲ್ಲಿವರೆಗೆ ಸರಿ ಬಂದಿದ್ದೀಯ, ತೋರಿಸು" ಅಂತ ಕೇಳಿದವರು ನೀವು. ತುಂಬಾ ಥ್ಯಾಂಕ್ಸ್ ಸರ್.

ಸ್ಲೈಡ್ 8
ಭಾನುವಾರ, ಮೇ 31, ಬೆಳಗ್ಗೆ 10.30ಕ್ಕೆ ಶಾಲೆಯಲ್ಲೇ ಬೀಳ್ಕೊಡುಗೆ. ಊಟ ಅಲ್ಲೇ. ಹಾರ, ಶಾಲು ಬೇಡ ಅಂದಿದ್ದಾರೆ, ಅವರ ಕೆಂಪು ಪೆನ್ನಿನ ಗುರುತಿರುವ ಹಳೇ ನೋಟ್‌ಬುಕ್ ಇದ್ದರೆ ತನ್ನಿ. ಬರಲಾಗದವರು ಬ್ಯಾಚ್ ವರ್ಷ ಹಾಕಿ ಕೆಳಗೆ ಬರೆಯಿರಿ. ಮೇಷ್ಟ್ರು ಇನ್‌ಸ್ಟಾದಲ್ಲಿಲ್ಲ, ಎಲ್ಲವನ್ನೂ ಪ್ರಿಂಟ್ ತೆಗೆದು ಕೈಗೆ ಕೊಡುತ್ತೇವೆ. ಕಾಗುಣಿತ ನೋಡಿಕೊಳ್ಳಿ, ತಿದ್ದದೇ ಬಿಡುವವರಲ್ಲ!