ವಿಸಿಟರ್ ರಿಜಿಸ್ಟರ್: ಮೇನ್ ಗೇಟ್, 9 ನವೆಂಬರ್ 2025, ಭಾನುವಾರ

ಕುವೆಂಪುನಗರ, ಮೈಸೂರು. ಎ ಮತ್ತು ಬಿ ಬ್ಲಾಕ್, 48 ಮನೆ. ಹಗಲು ಪಾಳಿ, ಬೆಳಿಗ್ಗೆ 8ರಿಂದ ರಾತ್ರಿ 8.

ಬರುವವರು ನೋಡಿ: ಹೆಸರು, ಯಾರ ಮನೆ, ಬಂದ ಹೊತ್ತು, ಫೋನಿನ ಕೊನೆಯ ನಾಲ್ಕು ಅಂಕಿ, ಇಷ್ಟು ಬರೆದರೆ ಸಾಕು. ಆಧಾರ್ ಜೆರಾಕ್ಸ್ ಕೊಡಬೇಡಿ, ಈ ಪುಸ್ತಕ ಟೇಬಲ್ ಮೇಲೆ ತೆರೆದೇ ಇರುತ್ತದೆ, ಯಾರು ಬೇಕಾದರೂ ನೋಡಬಹುದು ಅಲ್ವಾ. ಮನೆಯವರು ಇಂಟರ್‌ಕಾಮ್‌ನಲ್ಲಿ ಹೂಂ ಅಂದ ಮೇಲೆಯೇ ಒಳಗೆ. ಹೋಗುವಾಗ ಹೊತ್ತು ಬರೆಯದೆ ಹೋಗಬೇಡಿ. ರಾತ್ರಿ ಬೆಂಕಿ ಬಿದ್ದರೆ ಒಳಗೆ ಯಾರು ಉಳಿದಿದ್ದಾರೆ ಅಂತ ನಮಗೆ ಗೊತ್ತಾಗುವುದು ಇದರಿಂದಲೇ.

1) ಬೆಳಿಗ್ಗೆ 8:20. ನೀರಿನ ಕ್ಯಾನ್, ಎ-204, ಎರಡು ಕ್ಯಾನ್. ಮನೆಯವರು ಹೂಂ ಅಂದರು. ಹೊರಗೆ 8:35.

2) ಬೆಳಿಗ್ಗೆ 9:10. ಸುಶೀಲಮ್ಮ, ಹಾಸನದಿಂದ, ಎ-302, ಮಗಳ ಮನೆಗೆ. ಹತ್ತಿರ ಫೋನ್ ಇಲ್ಲ. ಇಂಟರ್‌ಕಾಮ್ ಎರಡು ಸಲ ಹೊಡೆದೆ, ಯಾರೂ ಎತ್ತಲಿಲ್ಲ. ಕುರ್ಚಿ ಹಾಕಿ ಕೂರಿಸಿ ನೀರು ಕೊಟ್ಟೆ. 9:25ಕ್ಕೆ ಅಳಿಯ ಕೆಳಗಿಳಿದು ಬಂದು ಸಹಿ ಹಾಕಿ ಕರೆದುಕೊಂಡು ಹೋದರು. ಹೊರಡುವುದು ಮಂಗಳವಾರ.

3) ಬೆಳಿಗ್ಗೆ 10:30. ಲಿಫ್ಟ್ ಸರ್ವಿಸ್, ಇಬ್ಬರು, ಬಿ ಬ್ಲಾಕ್. ಸೆಕ್ರೆಟರಿ ಫೋನಲ್ಲಿ ಒಪ್ಪಿದರು. ಒಬ್ಬರು ಬಿಡಿಭಾಗ ತರಲು 11:15ಕ್ಕೆ ಹೊರಗೆ, 11:50ಕ್ಕೆ ಮತ್ತೆ ಒಳಗೆ, ಎರಡು ಸಲವೂ ಅವರ ಕೈಯಲ್ಲೇ ಬರೆಸಿದ್ದೇನೆ. ಇಬ್ಬರೂ ಹೊರಗೆ ಮಧ್ಯಾಹ್ನ 1:05. ಲಿಫ್ಟ್ ಓಡುತ್ತಿದೆ.

4) ಮಧ್ಯಾಹ್ನ 1:30. ಪಾರ್ಸೆಲ್, ಬಿ-105 ಅಂತ ಹೇಳಿದರು. ಮನೆಯವರು ಏನೂ ತರಿಸಿಲ್ಲ ಅಂದರು. ವಿಳಾಸ ಓದಿದರೆ ಅದು ಪಕ್ಕದ ರಸ್ತೆಯ ಅಪಾರ್ಟ್‌ಮೆಂಟ್. ಒಳಗೆ ಬಿಟ್ಟಿಲ್ಲ, ದಾರಿ ತೋರಿಸಿ ಕಳಿಸಿದೆ.

5) ಸಂಜೆ 4:30ರಿಂದ. ಬಿ-401, ಮಗುವಿನ ಹುಟ್ಟುಹಬ್ಬ. ಮನೆಯವರು ಬೆಳಿಗ್ಗೆಯೇ 14 ಹೆಸರಿನ ಪಟ್ಟಿ ಕೊಟ್ಟಿದ್ದರು, ಇದರಿಂದ ತುಂಬಾ ಅನುಕೂಲವಾಯಿತು, ಒಬ್ಬೊಬ್ಬರಿಗೂ ಇಂಟರ್‌ಕಾಮ್ ಹೊಡೆಯೋ ಕೆಲಸ ತಪ್ಪಿತು. ಬಂದವರು 17. ಪಟ್ಟಿಯಲ್ಲಿಲ್ಲದ ಮೂವರಿಗೆ ಮಾತ್ರ ಕೇಳಿದೆ, ನಮ್ಮವರೇ ಅಂದರು. 7:40ರ ಒಳಗೆ 16 ಜನರ ಹೊರಗಿನ ಸಹಿ ಬಂತು, ಒಬ್ಬರದು ಇಲ್ಲ. ಸುಮ್ನೆ ಯಾವುದೋ ಹೊತ್ತು ಬರೆದು ಮುಗಿಸಲು ಮನಸ್ಸಾಗಲಿಲ್ಲ, ಮೇಲೆ ಹೋಗಿ ವಿಚಾರಿಸಿದೆ. ಮನೆಯವರ ಕಾರಿನಲ್ಲೇ ಕೂತು 7:10ಕ್ಕೆ ಬೇಸ್‌ಮೆಂಟ್ ಗೇಟಿನಿಂದ ಹೋಗಿದ್ದಾರೆ. ಮನೆಯವರ ಮಾತಿನ ಮೇಲೆ 7:10 ಅಂತ ಬರೆದು ಅವರಿಂದ ಸಹಿ ಮಾಡಿಸಿದ್ದೇನೆ. ಬೇಸ್‌ಮೆಂಟ್ ಗೇಟಿಗೂ ಒಂದು ಪುಸ್ತಕ ಬೇಕು, ಸೆಕ್ರೆಟರಿ ಅವರು ದಯವಿಟ್ಟು ನೋಡಿ.

ರಾತ್ರಿ 8:00, ಪಾಳಿ ಬದಲು. ಒಳಗೆ ಉಳಿದಿರುವ ಹೊರಗಿನವರು ಒಬ್ಬರೇ, ಎ-302ರ ಸುಶೀಲಮ್ಮ. ಅವರಿಗೆ ಮಂಡಿ ನೋವು, ಮೆಟ್ಟಿಲು ಹತ್ತುವುದು ಕಷ್ಟ, ಕರೆಂಟ್ ಹೋಗಿ ಲಿಫ್ಟ್ ನಿಂತರೆ ಮೊದಲು ಆ ಮನೆಗೆ ಫೋನ್ ಮಾಡಿ. ಬೇಸ್‌ಮೆಂಟ್ ಕೀ ಮತ್ತು ಟಾರ್ಚ್ ಕೊಟ್ಟಿದ್ದೇನೆ.

ಕೊಟ್ಟವರು: ಮಂಜುನಾಥ, ಹಗಲು ಪಾಳಿ. ತೆಗೆದುಕೊಂಡವರು: ರಾಜಣ್ಣ, ರಾತ್ರಿ ಪಾಳಿ, 8:05.