ಹೆಬ್ಬೆರಳಿನಿಂದ ಸೊಂಟಕ್ಕೆ

ನಾಗರಾಜ ಮೇಷ್ಟ್ರಿಗೆ ಕಾಯುವುದು ಅಂದರೆ ಆಗುತ್ತಿರಲಿಲ್ಲ. ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಬಂದು ನಿಂತಿರುತ್ತಿದ್ದರು. ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ, ಹುಡುಗ ಎದ್ದು ನಿಂತು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಉತ್ತರವನ್ನೂ ಅವರೇ ಹೇಳಿ ಮುಗಿಸುತ್ತಿದ್ದರು. "ಕೂತ್ಕೊಳೋ. ಮುಂದಿನವನು ಏಳು."

ಡಿಸ್ಕ್ ಜಾರಿದ್ದೂ ಹಾಗೇ. ಜೂನ್‌ನಲ್ಲಿ ಆಲೂರು ಕಡೆಯ ಅವರ ಹೈಸ್ಕೂಲಿಗೆ ಪಠ್ಯಪುಸ್ತಕದ ಬಂಡಲುಗಳು ಬಂದಿದ್ದವು. ಜವಾನ ಕಾಫಿ ಕುಡಿದು ಬರ್ತೀನಿ ಅಂದಿದ್ದ. ಐದು ನಿಮಿಷದ ಮಾತು. ಮೇಷ್ಟ್ರು ಬಗ್ಗಿ ಒಂದು ಬಂಡಲು ಎತ್ತಿದರು, ಎತ್ತಿಕೊಂಡೇ ಬೀರುವಿನ ಕಡೆ ತಿರುಗಿದರು. ಸೊಂಟದಲ್ಲಿ ಏನೋ ಚಳಕ್ ಅಂತು. ಜವಾನ ವಾಪಸ್ ಬಂದಾಗ ಮೇಷ್ಟ್ರು ನೆಲದ ಮೇಲೆ, ಪುಸ್ತಕಗಳ ನಡುವೆ, ಮಾಡು ನೋಡುತ್ತಾ ಮಲಗಿದ್ದರು.

ಹಾಸನದಲ್ಲಿ ಎಂಆರ್‌ಐ ಆಯಿತು. ಬೆನ್ನುಮೂಳೆಯ ಕೆಳಭಾಗದಲ್ಲಿ, ನಾಲ್ಕನೇ ಮತ್ತು ಐದನೇ ಮೂಳೆಯ ನಡುವಿನ ಡಿಸ್ಕ್ ಹಿಂದಕ್ಕೆ ಉಬ್ಬಿ ಎಡಗಾಲಿಗೆ ಹೋಗುವ ನರವನ್ನು ಒತ್ತುತ್ತಿದೆ ಎಂದರು ಡಾಕ್ಟರು. ಅದಕ್ಕೇ ನೋವು ಪಿರ್ರೆಯಿಂದ ಹೊರಟು ಮೀನಖಂಡ ಹಾದು ಹೆಬ್ಬೆರಳಿನ ತನಕ ಜಗ್ಗುತ್ತಿದ್ದದ್ದು.

"ಆಪರೇಷನ್ ಯಾವತ್ತು ಸಾರ್?" ಮೇಷ್ಟ್ರು ಡೈರಿ ತೆಗೆದರು.

"ಈಗ ಬೇಡ. ಬಹಳ ಜನಕ್ಕೆ ಆರರಿಂದ ಹನ್ನೆರಡು ವಾರದೊಳಗೆ ಆಪರೇಷನ್ ಇಲ್ಲದೆ ಕಡಿಮೆ ಆಗುತ್ತೆ. ಮಾತ್ರೆ ತಗೊಳ್ಳಿ, ಫಿಸಿಯೋಥೆರಪಿ ಮಾಡಿಸಿ. ಹಾಸಿಗೆ ಹಿಡಿದು ಮಲಗಬೇಡಿ, ಆದಷ್ಟು ನಡೀರಿ. ಪಾದ ಎತ್ತೋಕೆ ಆಗದಿದ್ರೆ, ಮೂತ್ರ ಕಟ್ಟಿದ್ರೆ, ತೊಡೆ ಸಂದಿ ಮರಗಟ್ಟಿದ್ರೆ ಮಾತ್ರ ಆವತ್ತೇ ಓಡಿ ಬನ್ನಿ."

"ಆರೋ ಹನ್ನೆರಡೋ? ಯಾವುದಾದ್ರೂ ಒಂದು ಹೇಳಿ ಸಾರ್."

ಡಾಕ್ಟರು ನಕ್ಕು ಮುಂದಿನ ಪೇಷಂಟನ್ನು ಕರೆದರು.

ವಿದ್ಯಾನಗರದ ಮನೆಗೆ ನೋಡಲು ಬಂದವರೆಲ್ಲ ಒಂದೊಂದು ಔಷಧಿ ತಂದರು. ಪಕ್ಕದ ಮನೆಯವರು ಎಣ್ಣೆ ಕೊಟ್ಟರು. ಷಡ್ಡಕ ಒಂದು ಬೆಲ್ಟ್ ಕೊಟ್ಟ. ಅತ್ತೆ ಮಾತ್ರ ಇದೆಲ್ಲ ದಂಡ ಎಂದು ತೀರ್ಮಾನಿಸಿದ್ದರು. "ಕಾಲು ಮುಂದಾಗಿ ಹುಟ್ಟಿದವರ ಕೈಲಿ ಒದೆಸಿದ್ರೆ ಉಳುಕು ಬಿಡುತ್ತೆ. ನಮ್ಮೂರಲ್ಲಿ ಒಬ್ಬ ಇದಾನೆ. ದುಡ್ಡೂ ಕೇಳಲ್ಲ."

"ಒದೆಸ್ಕೊಳ್ಳೋಕೆ ನಾನೇ ದುಡ್ಡು ಕೊಡ್ತೀನಿ ಕಣತ್ತೆ, ವಾಸಿ ಆಗೋ ಹಾಗಿದ್ರೆ" ಎಂದರು ಮೇಷ್ಟ್ರು. ಅರ್ಧ ತಮಾಷೆಗೆ. ಉಳಿದರ್ಧ ನಿಜಕ್ಕೂ.

ಫಿಸಿಯೋ ಹುಡುಗಿಗೆ ಹೆಚ್ಚೆಂದರೆ ಇಪ್ಪತ್ತೈದು ವರ್ಷ. ಅವಳು ಹೇಳಿಕೊಟ್ಟದ್ದು ನೋಡಿ ಮೇಷ್ಟ್ರಿಗೆ ಬೇಜಾರಾಯಿತು. ಬೋರಲು ಮಲಗಬೇಕು. ಮೊಣಕೈ ಊರಿ ನಿಧಾನಕ್ಕೆ ಎದೆ ಎತ್ತಬೇಕು. ಇಳಿಸಬೇಕು. ಅಷ್ಟೇ. ಇಷ್ಟಕ್ಕೆ ಫೀಸು ಬೇರೆ! ಅವಳು ಹತ್ತು ಸಲ ಅಂದಿದ್ದನ್ನು ಇವರು ಮೂವತ್ತು ಸಲ ಮಾಡಿದರು, ರಾತ್ರಿಯೆಲ್ಲ ನರಳಿದರು. ಮಾರನೇ ದಿನ ಅವಳು ಬೈಯಲಿಲ್ಲ. "ಸರ್, ನಿಮ್ಮ ಕ್ಲಾಸಲ್ಲಿ ಯಾರಾದ್ರೂ ಹತ್ತು ಲೆಕ್ಕ ಕೊಟ್ರೆ ಮೂವತ್ತು ಮಾಡ್ಕೊಂಡು ಬರ್ತಾರಾ?" ಎಂದು ಮಾತ್ರ ಕೇಳಿದಳು.

ಶನಿವಾರ ಬಂದರೆ ಜಯಮ್ಮ ಟೀಚರ್ ಎಂಟನೇ ಕ್ಲಾಸಿನ ಕಿರುಪರೀಕ್ಷೆಯ ಹಾಳೆಗಳನ್ನು ತರುತ್ತಿದ್ದರು. ಮೇಷ್ಟ್ರು ಒರಗಿ ಕೂತು ತಿದ್ದುತ್ತಿದ್ದರು. ಹೆಚ್ಚು ಹೊತ್ತು ಕೂತರೆ ಕಾಲು ಉರಿಯುತ್ತಿತ್ತು. ನಾಲ್ಕು ಹಾಳೆ ತಿದ್ದುವುದು, ಎದ್ದು ವರಾಂಡದಲ್ಲಿ ಎರಡು ಸುತ್ತು ಹಾಕುವುದು, ಮತ್ತೆ ನಾಲ್ಕು. ಮೊದಲಾದರೆ ಕಾಫಿ ಆರುವುದರೊಳಗೆ ಇಡೀ ಕ್ಲಾಸು ಮುಗಿಯುತ್ತಿತ್ತು. ಈಗ ಬೇರೆ ದಾರಿಯಿಲ್ಲದೆ ಒಂದೊಂದು ಸಾಲನ್ನೂ ಓದುವಂತಾಯಿತು.

ಮಂಜನ ಹಾಳೆ ಕೈಗೆ ಬಂದರೆ ಓದುವುದೇ ಬೇಕಿರಲಿಲ್ಲ. ಅವರಪ್ಪ ಆಲೂಗಡ್ಡೆ ಬೆಳೆಯುವವರು. ಬಿತ್ತನೆ ಬಂದರೆ ಹುಡುಗ ಸ್ಕೂಲಿಗೆ ಚಕ್ಕರ್. ಆವರಣ ಬಿಡಿಸೋ ಅಂದರೆ ಆವರಣವನ್ನೇ ಅಳಿಸಿಬಿಡುವವನು.

3(x − 2) = 15
3x − 2 = 15

ಎರಡನೇ ಸಾಲಿಗೇ ತಪ್ಪು. ಮೇಷ್ಟ್ರು ಉದ್ದಕ್ಕೆ ಗೀಟು ಎಳೆದು ಸೊನ್ನೆ ಹಾಕಿದರು. ಎಷ್ಟು ಸಲ ಹೇಳಿದ್ದೀನಿ ಈ ಮೂದೇವಿಗೆ!

ಜುಲೈ ಮಳೆ ಜೋರಾಯಿತು. ಒಂದು ಬೆಳಿಗ್ಗೆ ಎದ್ದವರಿಗೆ ಸೊಂಟ ಎಂದಿಗಿಂತ ಜಾಸ್ತಿ ನೋಯುತ್ತಿತ್ತು. ಇಷ್ಟು ವಾರ ಮಾಡಿದ್ದೆಲ್ಲ ಹೊಳೆಗೆ ಹುಣಸೆಹಣ್ಣು ಕಿವುಚಿದ ಹಾಗಾಯಿತು ಎನ್ನಿಸಿತು. "ಪದ್ಮಾ, ಬೆಂಗಳೂರಿಗೆ ಹೋಗೋಣ. ಆಪರೇಷನ್ ಮಾಡಿಸ್ಕೊಂಡೇ ಬಿಡ್ತೀನಿ" ಎಂದು ಹೆಂಡತಿಯ ಮೇಲೆ ಕೂಗಾಡಿದರು. ಪದ್ಮಾ ಬ್ಯಾಗಿಗೆ ಕೈ ಹಾಕಲಿಲ್ಲ, ಫಿಸಿಯೋ ಹುಡುಗಿಗೆ ಫೋನ್ ಮಾಡಿದಳು.

"ಸೊಂಟ ಜಾಸ್ತಿ ಅಂದ್ರಲ್ಲ ಸರ್, ಹೆಬ್ಬೆರಳು ಹೇಗಿದೆ?"

ಮೇಷ್ಟ್ರು ಬೆರಳು ಆಡಿಸಿ ನೋಡಿದರು. "ಬೆರಳಲ್ಲಿ ಏನಿಲ್ಲ."

"ಮೀನಖಂಡ?"

ಒತ್ತಿ ನೋಡಿದರು. "ಅಲ್ಲೂ ಇಲ್ಲ. ಆದ್ರೆ ಸೊಂಟ..."

"ಒಳ್ಳೇದಾಯ್ತು ಬಿಡಿ! ನೋವು ಕಾಲು ಬಿಟ್ಟು ಮೇಲಕ್ಕೆ ಬರ್ತಿದೆ. ಹೀಗೆ ಸೊಂಟದ ಕಡೆ ಬಂದು ಸೇರೋದು ವಾಸಿ ಆಗೋ ಲಕ್ಷಣ. ಸ್ವಲ್ಪ ದಿನ ಸೊಂಟ ಜಾಸ್ತಿ ನೋಯಬಹುದು. ಎಷ್ಟು ನೋವು ಅಂತ ಮಾತ್ರ ನೋಡಬೇಡಿ ಸರ್, ಎಲ್ಲಿದೆ ಅಂತಾನೂ ನೋಡಿ."

ಫೋನ್ ಇಟ್ಟ ಮೇಲೂ ಮೇಷ್ಟ್ರು ಹೆಬ್ಬೆರಳು ಆಡಿಸುತ್ತಲೇ ಇದ್ದರು. ಅದು ಯಾವಾಗ ಸುಮ್ಮನಾಯಿತು? ಅವರಿಗೆ ಗೊತ್ತೇ ಆಗಿರಲಿಲ್ಲ.

ಆ ಶನಿವಾರದ ಹಾಳೆಗಳಲ್ಲಿ ಮಂಜನದು ನಡುವೆ ಎಲ್ಲೋ ಇತ್ತು. ಕೆಂಪು ಪೆನ್ನು ಅಭ್ಯಾಸದಂತೆ ಎರಡನೇ ಸಾಲಿಗೆ ಹೋಯಿತು, ಅಲ್ಲೇ ನಿಂತಿತು.

3(x − 2) = 15
3x − 6 = 15
3x = 15 − 6
3x = 9
x = 3

ಉತ್ತರ ತಪ್ಪು. ಆರನ್ನು ಆಚೆ ಕಡೆ ಒಯ್ದವನು ಚಿಹ್ನೆ ಬದಲಿಸಿಲ್ಲ. ಆದರೆ ಆವರಣ ಸರಿಯಾಗಿ ಬಿಡಿಸಿದ್ದಾನೆ. ಮೇಷ್ಟ್ರು ಹಿಂದಿನ ವಾರಗಳ ಹಾಳೆ ಹುಡುಕಿಸಿ ಪಕ್ಕದಲ್ಲಿಟ್ಟುಕೊಂಡರು. ಅಲ್ಲೆಲ್ಲ ತಪ್ಪು ಎರಡನೇ ಸಾಲಿನಲ್ಲಿತ್ತು. ಈಗ ಮೂರನೆಯದರಲ್ಲಿ. ಗೀಟು ಎಳೆಯಲಿಲ್ಲ. ಎರಡನೇ ಸಾಲಿನ ಪಕ್ಕ ಒಂದು ರೈಟ್ ಹಾಕಿ, ಮೂರನೇ ಸಾಲಿನ ಪಕ್ಕ "ಇಲ್ಲಿ ಇನ್ನೊಂದು ಸಲ ನೋಡು" ಎಂದು ಬರೆದರು. ಬರೆಯಲು ಹೊತ್ತು ಹಿಡಿಯಿತು. ಕಾಲು ಉರಿಯಲಿಲ್ಲ.

ಆಗಸ್ಟ್ ಹೊತ್ತಿಗೆ ಮಹಾರಾಜ ಪಾರ್ಕಿನಲ್ಲಿ ಒಂದು ಸುತ್ತು ಹಾಕುವಷ್ಟಾದರು. ಹೊಸ ಆಲೂಗಡ್ಡೆ ಕಿತ್ತ ಮೇಲೆ ಮಂಜ ಅಪ್ಪನ ಜೊತೆ ಹಾಸನದ ಮಂಡಿಗೆ ಬಂದವನು ಒಂದು ಚೀಲ ಹೊತ್ತು ಮನೆಗೂ ಬಂದ. ಮೇಷ್ಟ್ರು ಅವನ ಕೈಗೆ ಹಾಳೆ, ಪೆನ್ಸಿಲ್ ಕೊಟ್ಟು ಅದೇ ಲೆಕ್ಕ ಹಾಕಿದರು. ಹುಡುಗ ಬಾಗಿಲ ಹತ್ತಿರ ಚಕ್ಕಂಬಕ್ಕಲ ಹಾಕಿ ಕೂತ. ಬರೆದ. ಅಳಿಸಿದ. ಪೆನ್ಸಿಲ್ ಕಚ್ಚಿದ. ಮೇಷ್ಟ್ರ ಬಾಯಿಗೆ ಉತ್ತರ ಬಂದಿತ್ತು. ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದರು. ಹುಡುಗ ಇನ್ನೂ ಬರೆಯುತ್ತಿದ್ದ. ಮತ್ತೆ ಹೋಗಿ ಇನ್ನೊಂದು ಲೋಟ ಕುಡಿದರು.

ಹಾಳೆ ಕೊನೆಗೂ ಕೈಗೆ ಬಂತು. 3x = 15 + 6. 3x = 21. ಸರಿ. ಅದರ ಕೆಳಗೆ x = 18. ಭಾಗಿಸುವ ಬದಲು ಮೂರನ್ನು ಕಳೆದಿದ್ದ.

ಮಂಜ ಬೈಗುಳಕ್ಕೆ ತಲೆ ತಗ್ಗಿಸಿ ಕಾದ. ಮೇಷ್ಟ್ರು ಒಳಗೆ ತಿರುಗಿ ಕೂಗಿದರು.

"ಪದ್ಮಾ, ಕಾಲು ಪೂರ್ತಿ ಬಿಡ್ತು ಕಣೇ! ಸೊಂಟದಲ್ಲಿ ಮಾತ್ರ ಉಳಿದಿದೆ."

"ಮೊನ್ನೆನೇ ಹೇಳಿದ್ರಲ್ಲ ಅದನ್ನ?"

"ನಂದಲ್ಲ, ಇವಂದು. ಎರಡು ಕಾಫಿ ತಗೊಂಡು ಬಾ, ಇನ್ನೊಂದು ಲೆಕ್ಕ ಮಾಡ್ತಾನೆ."