ಆರ್ಡರ್ ಬಂತು ಅಕ್ಕಾ, ಜೊತೆಗೆ ಒಂದು ಮಾತು

ನಮಸ್ಕಾರ ಅಕ್ಕಾ, ನಿಮ್ಮ ಆರ್ಡರ್ ಸಿಕ್ಕಿತು, ದುಡ್ಡೂ ಬಂದಿದೆ. ಪಂದಿ ಕರಿ ಮಸಾಲೆ ಕಾಲು ಕೆಜಿ, ಕರಿಮೆಣಸು 200 ಗ್ರಾಂ. ಮಸಾಲೆ ಇವತ್ತು ಸಂಜೆ ಹುರಿದು ಪುಡಿ ಮಾಡುತ್ತೇವೆ, ನಾಳೆ ಬೆಳಿಗ್ಗೆ ಮಡಿಕೇರಿಯಿಂದ ಕೊರಿಯರ್‌ಗೆ ಹಾಕುತ್ತೇವೆ.

ಮನೆಯಲ್ಲಿ ಕಾಚಂಪುಳಿ ಇದೆ ಅಲ್ವಾ? ಇದ್ದರೆ ಮುಂದಕ್ಕೆ ಓದಲೇ ಬೇಡಿ.

ಇಲ್ಲದಿದ್ದರೆ ನಮ್ಮಲ್ಲಿ 100 ಎಂಎಲ್ ಬಾಟಲಿ ಇದೆ, 180 ರೂಪಾಯಿ. ನಿಂಬೆಹಣ್ಣು ಹಿಂಡಿದರೂ ಹುಳಿ ಬರುತ್ತದೆ, ಊಟಕ್ಕೇನೂ ತೊಂದರೆ ಇಲ್ಲ, ಆದರೆ ಕರಿಗೆ ಆ ಕಪ್ಪು ಬಣ್ಣ, ನಾಲಿಗೆಯ ಮೇಲೆ ನಿಲ್ಲುವ ಆ ಹುಳಿ ಬರೋದು ಕಾಚಂಪುಳಿಯಿಂದಲೇ. ಮಾಂಸ ಬೆಂದ ಮೇಲೆ, ಕೊನೆಗೆ ಹಾಕಿ. ಕೆಜಿಗೆ ಒಂದೆರಡು ಚಮಚ ಸಾಕು. ಅದಕ್ಕೇ ದೊಡ್ಡ ಬಾಟಲಿ ಬೇಡ ಅಂತೀನಿ. ಇದೇ ಪಾರ್ಸೆಲ್‌ನಲ್ಲಿ ಇಡುವುದರಿಂದ ಕೊರಿಯರ್ ಚಾರ್ಜ್ ಜಾಸ್ತಿ ಆಗಲ್ಲ.

ಕಡಂಬುಟ್ಟಿಗೆ ಅಕ್ಕಿ ತರಿಯೂ ಇದೆ, ಆದರೆ ಅದನ್ನು ಮನೆಯ ಮಿಕ್ಸಿಯಲ್ಲೇ ಮಾಡಿಕೊಳ್ಳಬಹುದು, ಸುಮ್ನೆ ದುಡ್ಡು ಯಾಕೆ.

ಕಾಚಂಪುಳಿ ಬೇಕಿದ್ದರೆ ರಾತ್ರಿ 8 ಗಂಟೆಯೊಳಗೆ ‘ಹಾಕಿ’ ಅಂತ ಒಂದು ಮೆಸೇಜ್ ಮಾಡಿ. ಏನೂ ಬರದಿದ್ದರೆ ಆರ್ಡರ್ ಇದ್ದ ಹಾಗೇ ಹೊರಡುತ್ತದೆ, ನಾವು ಮತ್ತೆ ಕೇಳುವುದಿಲ್ಲ.